ಮಗುವಿನ ಸೊಂಟದ ಹಸಿರು ಗೆರೆ

ಅಕ್ಕನ ಮಗುವಿನ ತೊಟ್ಟಿಲ ದಿನ ತವರಿನಿಂದ ಬೆಳ್ಳಿ ಉಡಿದಾರ ಕೊಟ್ಟಿದ್ದೆವು. ನಮ್ಮ ಕಡೆ ಯಾರು ಏನು ಕೊಟ್ಟರೆಂದು ಎಲ್ಲರ ಎದುರು ಗಟ್ಟಿಯಾಗಿ ಓದುವ ಪದ್ಧತಿ ಇದೆ. ಅದಕ್ಕೆ ಆಯಾರ ಓದುವುದು ಎನ್ನುತ್ತೇವೆ. ವೈಟ್‌ಫೀಲ್ಡಿನ ಅಕ್ಕನ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಭಾವನ ಚಿಕ್ಕಪ್ಪ ಮೈಕು ಹಿಡಿದು, "ತಾಯಿಯ ತವರುಮನೆಯಿಂದ ಬೆಳ್ಳಿ ಉಡಿದಾರ" ಎಂದು ಓದಿದಾಗ ಅವ್ವ ಸೆರಗು ಸರಿಮಾಡಿಕೊಂಡಳು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುವವಳು ಅಷ್ಟು ಜನರ ನಡುವೆ ನೆಟ್ಟಗೆ ಕೂತಿದ್ದನ್ನು ದಿನಚರಿಯ ಆ ದಿನದ ಪುಟದಲ್ಲಿ ಬರೆದಿದ್ದೇನೆ.

ಮಗುವಿಗೆ ನಾಲ್ಕು ತಿಂಗಳು ತುಂಬಿದ ವಾರ ಅಕ್ಕ ಒಂದು ಫೋಟೋ ಕಳಿಸಿದಳು. ಮಗುವಿನ ಸೊಂಟದಲ್ಲಿ, ಉಡಿದಾರ ಕೂರುವ ಜಾಗದಲ್ಲಿ, ತೆಳ್ಳಗೆ ಹಸಿರು ಗೆರೆ. ಕೊಂಡಿಗಳ ಬೆಸುಗೆ ಇರುವಲ್ಲಿ ಅದು ಇನ್ನೂ ಗಾಢವಾಗಿತ್ತು. ಡಾಕ್ಟರು ಚರ್ಮಕ್ಕೆ ಏನೂ ಆಗಿಲ್ಲ, ತೊಳೆದರೆ ಹೋಗುತ್ತದೆ ಎಂದಿದ್ದರಂತೆ. ಆದರೆ ಅಕ್ಕನ ಅತ್ತೆ ದಾರವನ್ನು ಬಿಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದರು.

"ಬೆಳ್ಳಿ ಆದ್ರೆ ಹಸಿರು ಯಾಕ್ ಬಿಡ್ತೈತಿ ಅಂತ ಕೇಳಾಕತ್ಯಾರ," ಅಕ್ಕ ಫೋನಿನಲ್ಲಿ ಪಿಸುಗುಟ್ಟಿದಳು. "ಎಲ್ಲಾರ್ ಮುಂದ ಓದಿಸ್ಕೊಂಡೀವಲ್ಲ, ಇದು ಬೆಳ್ಳಿ ಅಲ್ಲ ಅಂತಾದ್ರ ನಾ ಈ ಮನ್ಯಾಗ ಹೆಂಗ್ ತಲಿ ಎತ್ಲಿ?"

ಅವ್ವನಿಗೆ ಹೇಳಿದೆ. ಅವಳು ಅನ್ನ ಬಸಿಯುತ್ತಿದ್ದಳು. "ಬೆಳ್ಳೀನ ಐತಿ," ಎಂದಷ್ಟೇ ಹೇಳಿದಳು.

ಅಷ್ಟು ಸಾಕಾಗಬೇಕಿತ್ತು. ನನಗೆ ಸಾಲಲಿಲ್ಲ. ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಅಳೆಯದೆ ಯಾವುದನ್ನೂ ಒಳ್ಳೆಯದೆಂದು ಬರೆಯುವುದಿಲ್ಲ. ಶನಿವಾರ ವೈಟ್‌ಫೀಲ್ಡಿಗೆ ಹೋಗಿ ಉಡಿದಾರ ತಂದು, ಚೆನ್ನಾಗಿ ತೊಳೆದು ಒರೆಸಿ, ಎಡಗೈ ಮಣಿಕಟ್ಟಿಗೆ ಎರಡು ಸುತ್ತು ಹಾಕಿಕೊಂಡೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿಡುತ್ತಿದ್ದೆ. ಹಗಲೆಲ್ಲ ಎ.ಸಿ. ಇರುವ ತಪಾಸಣೆ ಕೋಣೆಯಲ್ಲಿ ಕೂತಿರುತ್ತಿದ್ದೆ. ಸಂಜೆ ಮನೆಗೆ ಬಂದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ದಾರ ಸರಿಸಿ ಮಣಿಕಟ್ಟು ನೋಡಿ, ಫೋಟೋ ತೆಗೆದು, ದಿನಚರಿಯಲ್ಲಿ ತಾರೀಖಿನ ಪಕ್ಕ "ಗುರುತಿಲ್ಲ" ಎಂದು ಬರೆಯುತ್ತಿದ್ದೆ. ಅವ್ವ ಆಚೆ ಕೂತು ಕಾಳು ಆರಿಸುತ್ತಿದ್ದಳು. ಏನು ನೋಡುತ್ತೀ ಎಂದು ಒಮ್ಮೆಯೂ ಕೇಳಲಿಲ್ಲ.

ವಾರ ಕಳೆದ ಮೇಲೆ ಭಾನುವಾರ ಇಬ್ಬರೂ ವೈಟ್‌ಫೀಲ್ಡಿಗೆ ಹೋದೆವು. ಅಕ್ಕನ ಅತ್ತೆ ಮೊದಲು ನೀರು, ಬೆಲ್ಲ ಕೊಟ್ಟರು. ದಾವಣಗೆರೆಯಲ್ಲಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಮಾತು ಮೆತ್ತಗೆ. ನಾನು ಫೋನು ಮುಂದೆ ಹಿಡಿದು ಫೋಟೋಗಳನ್ನು ಒಂದೊಂದಾಗಿ ಸರಿಸಿ ತೋರಿಸಿದೆ.

"ನೋಡ್ರಿ ಅತ್ತಿ, ಒಂದ್ ವಾರ ಹಾಕ್ಕೊಂಡೀನಿ. ಒಂದಿನಾನೂ ಹಸಿರಾಗಿಲ್ಲ. ಅಂದ್ರ ಬೆಳ್ಳೀನ."

ಅವರು ಕನ್ನಡಕ ಏರಿಸಿ ಎಲ್ಲವನ್ನೂ ನೋಡಿದರು. "ಅಂದ್ರೆ ಹಸಿರಾದ್ರೆ ಬೆಳ್ಳಿ ಅಲ್ಲ. ಹೌದಲ್ಲ?"

"ಹೌದ್ರಿ," ಎಂದುಬಿಟ್ಟೆ.

ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಾಗಿತ್ತು. ಸ್ನಾನವಾದ ಮೇಲೆ ಅವರೇ ನಾನು ಬಿಚ್ಚಿಕೊಟ್ಟ ಉಡಿದಾರ ತೊಡಿಸಿ, ಮೇಲೆ ಡಯಾಪರ್ ಕಟ್ಟಿ, ಸಾಂಬ್ರಾಣಿ ಹಿಡಿದು ಮಲಗಿಸಿದರು. ನಾವು ರೊಟ್ಟಿ ಊಟ ಮಾಡಿ, ಮಾತಾಡಿ, ಹೊರಡಲು ಎದ್ದಾಗ ಸಂಜೆಯಾಗಿತ್ತು. ಆಗ ಮಗುವನ್ನು ಎತ್ತಿಕೊಂಡು ಬಂದು ಡಯಾಪರಿನ ಅಂಚು ಕೆಳಗೆ ಸರಿಸಿದರು. ಬೆವರಿನಲ್ಲಿ ಒದ್ದೆಯಾದ ಮಡಿಕೆಯೊಳಗೆ ಹಸಿರು ಗೆರೆ ಮೂಡಿತ್ತು.

"ಇದು ನೀನೇ ಹಾಕಿದ್ ಲೆಕ್ಕ ಕಣಮ್ಮ," ಎಂದರು.

ನನಗೆ ಅವ್ವನ ಕಡೆ ನೋಡಲಾಗಲಿಲ್ಲ. ಅಕ್ಕ ಒಳಗೆ ಹೋದಳು. ಅವಳ ಬೆನ್ನು ನೋಡಿದಾಗ, ನಾನು ತಂದ ಸಾಕ್ಷಿ ಅವ್ವನನ್ನೇ ಕಟಕಟೆಯಲ್ಲಿ ನಿಲ್ಲಿಸಿದೆ ಎಂದು ಮೊದಲ ಬಾರಿ ಹೊಳೆಯಿತು. ಅವ್ವನೇ ಚಪ್ಪಲಿ ಮೆಟ್ಟಿಕೊಂಡಳು. "ನಡ್ರೀ ಅಕ್ಕಾರ. ನಿಮ್ಗ ನಂಬಿಕಿ ಇರೋ ಅಂಗಡಿಗೇ ಹೋಗೂಣು."

ರಸ್ತೆಯ ಕೊನೆಯಲ್ಲಿ ಒಂದು ಚಿನ್ನ ಬೆಳ್ಳಿ ಅಂಗಡಿ. ಅಕ್ಕನ ಅತ್ತೆಗೆ ಪರಿಚಯದ್ದು. ಗಲ್ಲಾಪೆಟ್ಟಿಗೆಯ ಹತ್ತಿರ ಇಬ್ಬರು ಹೆಂಗಸರು ಕಾಲುಂಗುರ ನೋಡುತ್ತಿದ್ದರು. ಅವರ ಪಕ್ಕದಲ್ಲೇ ಅವ್ವ ಉಡಿದಾರ ಇಟ್ಟು, "ಇದು ಬೆಳ್ಳಿ ಹೌದೋ ಅಲ್ಲೋ ನೋಡ್ರಿ, ಮಗೀಗೆ ಹಸಿರಾಗೇತಿ," ಎಂದಳು. ಆ ಹೆಂಗಸರು ಕಾಲುಂಗುರ ಬಿಟ್ಟು ನಮ್ಮ ಕಡೆ ತಿರುಗಿದರು.

ಅಂಗಡಿಯವರು ಒಂದು ಕೊಂಡಿಯನ್ನು ಸಣ್ಣ ಅರದಿಂದ ಉಜ್ಜಿದರು. "ಮೇಲೆ ಲೇಪ ಇದ್ರೆ ಮಿಷನ್ನು ಮೇಲಿನದನ್ನೇ ಹೇಳುತ್ತೆ, ಅದಕ್ಕೆ ಒಳಗಡೆ ತೋರಿಸ್ಬೇಕು." ಪೆಟ್ಟಿಗೆಯಂಥ ಯಂತ್ರದಲ್ಲಿ ಇಟ್ಟು ಮುಚ್ಚಳ ಹಾಕಿದರು. ಪರದೆಯ ಮೇಲೆ ಅಂಕಿಗಳು ಬಂದವು. ಇನ್ನೆರಡು ಕಡೆಯೂ ಇಟ್ಟು ನೋಡಿದರು.

"ಬೆಳ್ಳಿನೇ ಮೇಡಂ. ನೂರಕ್ಕೆ ಎಂಬತ್ತು. ಮಿಕ್ಕಿದ್ದು ತಾಮ್ರ."

"ಹಂಗಾರೆ ಹಸಿರು?" ಅಕ್ಕನ ಅತ್ತೆ ಕೇಳಿದರು.

"ಅದು ಆ ತಾಮ್ರದ್ದು. ಬೆವರು, ಉಪ್ಪು, ಒದ್ದೆ ಎಲ್ಲ ಸೇರಿದ್ರೆ ತಾಮ್ರ ಹಸಿರು ಬಿಡುತ್ತೆ. ಬೆಸುಗೆ ಇರೋ ಕಡೆ ಇನ್ನೂ ಜಾಸ್ತಿ, ಅದ್ರಲ್ಲಿ ತಾಮ್ರ ಹೆಚ್ಚು. ಬೆಳ್ಳಿ ತಾನೇ ಆದ್ರೆ ಕಪ್ಪಾಗೋದು. ಬರೀ ಬೆಳ್ಳೀಲಿ ಮಾಡಿದ್ರೆ ಮೆತ್ತಗೆ ಕಣ್ರೀ, ಮಗು ಎಳೆದ್ರೆ ಕೊಂಡಿ ಬಿಟ್ಕೊಳ್ಳುತ್ತೆ, ಅದಕ್ಕೇ ತಾಮ್ರ ಸೇರಿಸ್ತಾರೆ."

"ನನ್ ಕೈಗೆ ಆಗ್ಲಿಲ್ಲ," ಎಂದೆ.

"ಒಣಗಿದ್ ಕೈಗೆ ಎಲ್ಲಿಂದ ಆಗುತ್ತೆ? ಹಿತ್ತಾಳೆ ಮೇಲೆ ದಪ್ಪಗೆ ಬೆಳ್ಳಿ ಲೇಪ ಹಾಕಿದ್ರೆ ಅದೂ ಲೇಪ ಸವೆಯೋವರೆಗೂ ಹಸಿರು ಬಿಡಲ್ಲ. ಗೆರೆ ಬಂತು ಅಂತ ನಕಲಿ ಅಲ್ಲ, ಬರ್ಲಿಲ್ಲ ಅಂತ ಅಸಲಿನೂ ಅಲ್ಲ. ಸ್ನಾನಕ್ಕೆ ಬಿಚ್ಚಿಡಿ, ಮೈ ಒಣಗಿದ ಮೇಲೆ ಹಾಕಿ."

ಅಕ್ಕನ ಅತ್ತೆ ಅವ್ವನ ಕಡೆ ತಿರುಗಿದರು. "ಎಂಬತ್ತು ಅಂತ ನಿಮಗ್ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ ಅಕ್ಕಾರ. ದಾಸರಹಳ್ಳಿ ಅಂಗಡ್ಯಾಂವ ಹೇಳೇ ಕೊಟ್ಟಿದ್ದ. ಗಟ್ಟಿ ಇರಲಿ ಅಂತ ನಾನ ಕೇಳಿ ತಗೊಂಡೆ."

"ಮೊದ್ಲೇ ಹೇಳ್‌ಬಹುದಿತ್ತು."

"ಬೆಳ್ಳಿ ಅಂದೆ. ಅದು ಬೆಳ್ಳೀನ ಐತಿ."

ಅಕ್ಕನ ಅತ್ತೆ ಉಡಿದಾರವನ್ನು ತಮ್ಮ ಕರ್ಚೀಪಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು. ಹೊರಗೆ ಬಂದ ಮೇಲೆ ಅವ್ವನ ಕೈ ಹಿಡಿದು, "ನಾನೂ ಅನ್ಬಾರ್ದಿತ್ತು," ಎಂದರು. ಅವ್ವ "ಇರಲಿ ಬಿಡ್ರಿ" ಎಂದು ಕೈ ಬಿಡಿಸಿಕೊಳ್ಳದೆ ನಿಂತಳು. ಅವರು ನನಗೂ ಏನೋ ಹೇಳಲು ತಿರುಗಿದರು. ನಾನು ಆಟೋ ಕೂಗಿದೆ.

ಮೆಟ್ರೋದಲ್ಲಿ ಅವ್ವನಿಗೆ ಸೀಟು ಸಿಕ್ಕಿತು, ನಾನು ಮುಂದೆ ನಿಂತಿದ್ದೆ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿ ದಾಸರಹಳ್ಳಿ ಕಡೆ ಹೊರಟ ಮೇಲೆ ಪಕ್ಕದಲ್ಲಿ ಜಾಗ ಸಿಕ್ಕಿ ಕೂತೆ. ಆಗ ಅವ್ವ ಕೇಳಿದಳು. ಸಿಟ್ಟಿರಲಿಲ್ಲ.

"ನಿನ್ ಕೈ ಹಸಿರಾಗಿದ್ರ ಏನಂತ ಬರೀತಿದ್ದಿ?"

ತಾರೀಖು ಬರೆದು, ಪಕ್ಕದಲ್ಲಿ "ಬೆಳ್ಳಿ ಅಲ್ಲ" ಎಂದು ಬರೆಯುತ್ತಿದ್ದೆ ಎಂಬುದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಯಶವಂತಪುರ ದಾಟಿತು. ಅವ್ವ, ನಾಳೆ ಬೆಳಿಗ್ಗೆ ಬೇಗ ಎಬ್ಬಿಸು, ಬೆಳಗಿನ ಶಿಫ್ಟ್ ಐತಿ ಎಂದು ಹೇಳಿ ಕಣ್ಣು ಮುಚ್ಚಿಕೊಂಡಳು.