ಬಾಗಿದ ಟೈಲ್ಸ್ ಗೆರೆ

ನಮ್ಮ ಬಡಾವಣೆಯ ಹೆಂಗಸರೆಲ್ಲ ಅವರನ್ನು ಕೋಚಕ್ಕ ಎನ್ನುತ್ತಾರೆ. ಮಕ್ಕಳು ಬೆನ್ನ ಹಿಂದೆ ಇಟ್ಟಿರುವ ಹೆಸರು ‘ಉಸಿರುಬಿಡಿ’. ಫೋಟೋಗೆ ನಿಂತವರು ಯಾರೇ ಆಗಲಿ ತಮಗೇ ಗೊತ್ತಿಲ್ಲದಂತೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಕೋಚಕ್ಕ ಫೋನಿನ ಹಿಂದಿನಿಂದ “ಉಸಿರು ಬಿಡಿ, ಉಸಿರು ಬಿಡಿ” ಎಂದು ಕೂಗುತ್ತಲೇ ಇರುತ್ತಾರೆ.

ಹನ್ನೊಂದು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಶಾಲೆಯವರು ಆ ಹುದ್ದೆಯನ್ನೇ ತೆಗೆದಾಗ, ಬಡಾವಣೆಯ ಹಾಲ್‌ನಲ್ಲಿ ಬೆಳಗ್ಗೆ ಆರರಿಂದ ಏಳರವರೆಗೆ ಹೆಂಗಸರಿಗೆ ವ್ಯಾಯಾಮ ಹೇಳಿಕೊಡಲು ಶುರುಮಾಡಿದರು. ಹಾಲ್‌ನ ಗೋಡೆಗೆ ಎದೆಯೆತ್ತರದವರೆಗೆ ಬಿಳಿ ಟೈಲ್ಸ್. ಅದರ ಮುಂದೆ ನೆಲಕ್ಕೆ ಅಂಟಿಸಿದ ಒಂದು ನೀಲಿ ಟೇಪು. ಅಲ್ಲಿಂದ ಎರಡು ಮೀಟರ್ ದೂರದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಸೊಂಟದ ಮಟ್ಟಕ್ಕೆ ಫೋನು. ಸೇರಿದ ದಿನ ಒಂದು ಫೋಟೋ, ಆಮೇಲೆ ತಿಂಗಳಿಗೊಂದು. ಅದೇ ಬಟ್ಟೆ, ಅದೇ ಕಿಟಕಿಯ ಬೆಳಕು, ಏನೂ ತಿನ್ನದ ಬೆಳಗಿನ ಹೊತ್ತು. ಸ್ಟೂಲು ಒಂದು ಗೇಣು ಸರಿದರೂ ಎದ್ದು ಬಂದು ಅಳತೆಪಟ್ಟಿ ಹಿಡಿದು ಅಳೆಯುತ್ತಾರೆ.

ಈ ಸಲ ಕುತ್ತು ಹಾಲ್‌ಗೇ ಬಂದಿತ್ತು. ಬಡಾವಣೆಯ ಕಾರ್ಯದರ್ಶಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: “ತಿಂಗಳ ಕೊನೆಯೊಳಗೆ ಹದಿನೈದು ಜನ ಆಗ್ಲಿಲ್ಲ ಅಂದ್ರೆ ಬೆಳಗಿನ ಹೊತ್ತು ಡ್ಯಾನ್ಸ್ ಕ್ಲಾಸಿಗೆ ಕೊಟ್ಬಿಡ್ತೀವಿ ಮೇಡಂ, ಬೇಜಾರ್ ಮಾಡ್ಕೋಬೇಡಿ.” ಇದ್ದವರು ಒಂಬತ್ತು ಜನ, ಉಳಿದದ್ದು ಹತ್ತು ದಿನ. ಆ ಹಾಲ್ ಹೋದರೆ ಕೋಚಕ್ಕನಿಗೆ ಬೇರೆ ಜಾಗವಿರಲಿಲ್ಲ.

ಅವರು ನನ್ನ ಹತ್ತಿರ ಬಂದದ್ದು ಆಗ. ನಾನು ಮನೆಯಿಂದಲೇ ಅಂಗಡಿ, ಕ್ಲಿನಿಕ್‌ಗಳಿಗೆ ಆನ್‌ಲೈನ್ ಜಾಹೀರಾತಿನ ಪೋಸ್ಟ್ ಮಾಡಿಕೊಡುವವಳು. ಮಗಳಿಗೆ ಹತ್ತು ತಿಂಗಳು. ಅವಳು ಮಲಗಿದಾಗ ಕೆಲಸ, ಎದ್ದಾಗ ‘ಕೆಲಸ ಮುಗಿಯಲಿಲ್ಲವಲ್ಲ’ ಎಂಬ ಚಿಂತೆ.

“ಟೈಲರಮ್ಮನ ಫೋಟೋ ಕೊಡ್ತೀನಿ. ಮುಂಚೆ, ಆಮೇಲೆ. ಜನ ಬೆರಳಲ್ಲಿ ಸರಿಸಿ ಸರಿಸಿ ನೋಡ್ತಾರಲ್ಲ, ಆ ಥರ ಮಾಡ್ಕೊಡಮ್ಮ,” ಎಂದರು ಕೋಚಕ್ಕ. “ಆದ್ರೆ ಇದ್ದದ್ದು ಇದ್ದ ಹಾಗೆ.”

ಟೈಲರಮ್ಮ ಬಸ್ ಸ್ಟಾಪಿನ ಎದುರಿಗೆ ಬ್ಲೌಸು, ಯೂನಿಫಾರ್ಮ್ ಹೊಲಿಯುವವರು. ವಯಸ್ಸು ನಲವತ್ತಾರು, ಜೊತೆಗೆ ಮಂಡಿ ನೋವು. ಏಳು ತಿಂಗಳಲ್ಲಿ ತೂಕ ಎಪ್ಪತ್ತೊಂದೂವರೆಯಿಂದ ಅರವತ್ತೇಳಕ್ಕೆ, ಸೊಂಟ ಮೂವತ್ತೆಂಟು ಇಂಚಿನಿಂದ ಮೂವತ್ತೈದೂವರೆಗೆ ಇಳಿದಿತ್ತು. ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ವ್ಯತ್ಯಾಸ ಇತ್ತು, ಆದರೆ ಹುಡುಕಿ ನೋಡಬೇಕು. ಪಕ್ಕದ ರಸ್ತೆಯ ಜಿಮ್ಮಿನವರು ‘ತೊಂಬತ್ತು ದಿನ, ಇಪ್ಪತ್ತು ಕೆ.ಜಿ.’ ಎಂದು ಬ್ಯಾನರ್ ಕಟ್ಟಿದ್ದಾರೆ. ಇದನ್ನು ಯಾರು ನಿಂತು ನೋಡುತ್ತಾರೆ? ಯಾರೂ ಸೇರದಿದ್ದರೆ? ಹಾಲ್ ಕೈತಪ್ಪಿದರೆ ಅದು ನನ್ನ ಪೋಸ್ಟಿನಿಂದಲೇ ಅಲ್ಲವೇ?

ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಒಂದೇ ಕೈಯಲ್ಲಿ ಫೋನ್ ಹಿಡಿದು, ಆಕಾರ ತಿದ್ದುವ ಸಾಧನ ತೆರೆದು, ‘ಆಮೇಲೆ’ ಫೋಟೋದ ಸೊಂಟವನ್ನು ಎರಡೂ ಬದಿಯಿಂದ ಚೂರೇ ಚೂರು ಒಳಕ್ಕೆ ತಳ್ಳಿದೆ. ಸಾಸಿವೆಯಷ್ಟು. ತಪ್ಪೇನಿದೆ, ಇಳಿದಿರುವುದಂತೂ ನಿಜ ತಾನೆ ಎಂದುಕೊಂಡೆ. ಅಂದುಕೊಂಡರೂ ಸಮಾಧಾನವಿಲ್ಲ, ಅಳಿಸಿದೆ, ಮತ್ತೆ ತಳ್ಳಿದೆ.

ಮರುದಿನ ಕ್ಲಾಸು ಮುಗಿಯುವ ಹೊತ್ತಿಗೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಹಾಲ್‌ಗೆ ಹೋದೆ. ಫೋನ್ ಮೊದಲು ಟೈಲರಮ್ಮನ ಕೈಗೆ ಹೋಯಿತು. ಅವರು ಕನ್ನಡಕ ಮೇಲೇರಿಸಿ ನೋಡಿದರು.

“ಇದ್ಯಾರಮ್ಮ?”

“ನೀವೇ, ಆಂಟಿ.”

“ಮುಖ ನಂದೇ. ಸೊಂಟ ನಂದಲ್ಲ. ಇಪ್ಪತ್ತು ವರ್ಷದಿಂದ ಕಣ್ಣಳತೇಲೇ ಬಟ್ಟೆ ಕತ್ತರಿಸ್ತಿದೀನಿ, ನನ್ನ ಸೊಂಟ ನಂಗೆ ಗೊತ್ತಾಗಲ್ವಾ? ಈ ಅಳತೆಗೆ ಬ್ಲೌಸ್ ಹೊಲಿದ್ರೆ ಹುಕ್ಕು ಹಾರಿ ಎದುರಿಗಿದ್ದೋರ ಕಣ್ಣಿಗೆ ಬೀಳುತ್ತೆ!”

ಸುತ್ತಲಿದ್ದವರೆಲ್ಲ ನಕ್ಕರು. ಕೋಚಕ್ಕ ನಗಲಿಲ್ಲ. ಫೋನ್ ತೆಗೆದುಕೊಂಡು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದರು. ಟೈಲರಮ್ಮನ ಸೊಂಟದ ಪಕ್ಕದಲ್ಲಿ, ಹಿಂದಿನ ಗೋಡೆಯ ಟೈಲ್ಸ್ ಗೆರೆ ನೆಟ್ಟಗೆ ಬಂದು ಅಲ್ಲಿ ಮಾತ್ರ ಒಳಕ್ಕೆ ಬಾಗಿ ಮತ್ತೆ ನೆಟ್ಟಗಾಗಿತ್ತು. ಸೊಂಟ ತಳ್ಳಿದಾಗ ಗೋಡೆಯನ್ನೂ ತಳ್ಳಿದ್ದೆ, ನನಗೆ ಕಂಡಿರಲಿಲ್ಲ.

“ಗೋಡೆನೂ ತೆಳ್ಳಗಾಗಿದೆ,” ಎಂದರು ಮೆಲ್ಲಗೆ.

ನಾನು ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡೆ. “ಹಾಲ್ ಹೋಗ್ಬಿಡುತ್ತೇನೋ ಅಂತ ಭಯ ಆಯ್ತು ಅಕ್ಕ…”

ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂರಿಸಿ, ಮಗಳನ್ನು ತಾವೇ ಎತ್ತಿಕೊಂಡರು. “ಶಾಲೆ ಬಿಟ್ಟ ಹೊಸತರಲ್ಲಿ ಒಬ್ರು ನನ್ನ ಫೋಟೋ ಕೇಳಿದ್ರು. ಕೊಟ್ಟೆ. ನಾನು ಮುಟ್ಟಿಯೂ ನೋಡದ ಒಂದು ತೂಕ ಇಳಿಸೋ ಪುಡಿ ಡಬ್ಬಿ ಪಕ್ಕ ಹಾಕಿದ್ರು. ಅದನ್ನ ನಂಬಿ ನನ್ನ ಸ್ವಂತ ತಂಗಿನೇ ಎರಡು ತಿಂಗಳು ಊಟ ಬಿಟ್ಟು ಅದನ್ನೇ ಕಲಸ್ಕೊಂಡು ಕುಡಿದ್ಲು. ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಾಗ್ಲೇ ನಂಗೆ ಗೊತ್ತಾಗಿದ್ದು. ‘ನಿನ್ನ ಫೋಟೋ ಇತ್ತಲ್ಲ ಅಕ್ಕ’ ಅಂದ್ಲು.” ಮಗಳ ಬೆನ್ನು ತಟ್ಟುತ್ತಾ, “ಹಾಲ್ ಹೋದ್ರೆ ಹೋಗ್ಲಿ ಬಿಡು. ಮತ್ತೆ ಮಾಡೋಣ,” ಎಂದರು.

ಅಲ್ಲೇ ಕೂತು ಮತ್ತೆ ಮಾಡಿದೆವು. ಮೊದಲ ಪುಟದಲ್ಲಿ ಎರಡೂ ಫೋಟೋ, ತಿದ್ದದೆ. ಕೆಳಗೆ ತೆಗೆದ ತಾರೀಖುಗಳು. ಮುಖ ಮರೆಮಾಡಲೇ ಎಂದು ಕೇಳಿದ್ದಕ್ಕೆ ಟೈಲರಮ್ಮ, “ಮರೆಮಾಡಿದ್ರೆ ಕಳ್ಳತನ ಮಾಡಿ ಸಿಕ್ಕಿಬಿದ್ದೋಳ ಥರ ಕಾಣ್ತೀನಿ, ಬೇಡ,” ಎಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕಿದರು. ಎರಡನೇ ಪುಟದಲ್ಲಿ ಏಳು ತಿಂಗಳ ತೂಕದ ಗೆರೆ. ನಾಲ್ಕನೇ ತಿಂಗಳಲ್ಲಿ ಅದು ಮೇಲಕ್ಕೇರಿತ್ತು. ಯೂನಿಫಾರ್ಮ್ ಹೊಲಿಯುವ ಕಾಲ, ಹಗಲಿಡೀ ಮೆಷಿನ್ ಮುಂದೆ. ಕ್ಲಾಸಿಗೆ ಬಂದದ್ದು ನಾಲ್ಕೇ ದಿನ. ನಾನು ಅದನ್ನು ಬಿಡಲೇ ಎನ್ನುವಷ್ಟರಲ್ಲಿ ಕೋಚಕ್ಕ “ಇರ್ಲಿ” ಎಂದಾಗಿತ್ತು. ಮೂರನೇ ಪುಟದಲ್ಲಿ, ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಎದ್ದು ಕೂರಬಲ್ಲರು ಎಂಬ ಲೆಕ್ಕ: ಆಗ ಎಂಟು, ಈಗ ಹದಿನಾಲ್ಕು.

“ಥೈರಾಯ್ಡ್ ಮಾತ್ರೆ ವಿಷಯನೂ ಹಾಕು,” ಎಂದರು ಟೈಲರಮ್ಮ. “ಮೂರನೇ ತಿಂಗಳು ಡಾಕ್ಟ್ರು ಜಾಸ್ತಿ ಮಾಡಿದ್ರಲ್ಲ.”

ಅಯ್ಯೋ, ಇದೊಂದು ಬಾಕಿ ಇತ್ತು ಎನಿಸಿತು. ಕೋಚಕ್ಕ ಮಾತ್ರ ಹೌದೆಂದು ತಲೆಯಾಡಿಸಿದರು. ಕೊನೆಯ ಪುಟಕ್ಕೆ ಅವರು ಹೇಳಿದಂತೆಯೇ ಬರೆದೆ: ‘ಮಧ್ಯೆ ವೈದ್ಯರು ಇವರ ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದ್ದಾರೆ. ಈ ಬದಲಾವಣೆಯಲ್ಲಿ ಅದರ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಎಂದು ನಾವು ಹೇಳಲಾರೆವು. ಇದು ಒಬ್ಬರ ಅನುಭವ. ನಿಮಗೂ ಹೀಗೇ ಆಗುತ್ತದೆ ಎಂಬ ಭರವಸೆಯಲ್ಲ.’

ಪೋಸ್ಟ್ ಹಾಕಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಗಳಿಗೆ ಗಂಜಿ ತಿನ್ನಿಸುತ್ತಲೇ ಫೋನ್ ತೆಗೆದು ನೋಡುವುದು. “ನೋಡಿದ್ರೆ ಜನ ಜಾಸ್ತಿ ಆಗ್ತಾರಾ? ಚಮಚ ಕಿವಿಗೆ ಹೋಗ್ತಿದೆ ನೋಡು,” ಎಂದರು ಯಜಮಾನರು. ಯಾರೋ ‘ಇಷ್ಟಕ್ಕೆ ಏಳು ತಿಂಗಳಾ?’ ಎಂದು ಬರೆದಿದ್ದರು. ಎರಡು ದಿನ ಒಬ್ಬರೂ ಬರಲಿಲ್ಲ. ಮೂರನೇ ದಿನ ಇಬ್ಬರು. ಅವರಲ್ಲೊಬ್ಬರು ಔಷಧಿ ಅಂಗಡಿಯವರು, “ಮಧ್ಯೆ ತೂಕ ಏರಿದ್ದನ್ನೂ ಹಾಕಿದ್ರಲ್ಲ, ಅದಕ್ಕೇ ಬಂದೆ. ನಾನು ಯಾವಾಗ್ಲೂ ಅಲ್ಲೇ ಬಿಟ್ಬಿಡೋದು,” ಎಂದರಂತೆ.

ತಿಂಗಳ ಕೊನೆಗೆ ಹದಿಮೂರು. ಹದಿನೈದಾಗಲಿಲ್ಲ. ಕಾರ್ಯದರ್ಶಿ ಪಟ್ಟಿ ನೋಡಿ, ತಲೆ ಕೆರೆದುಕೊಂಡು, ವಾರಕ್ಕೆ ಮೂರು ದಿನ ಇವರಿಗೆ, ಮೂರು ದಿನ ಡ್ಯಾನ್ಸಿಗೆ ಎಂದು ಹಂಚಿದರು. ನಾನು ಅಳುಮೋರೆ ಮಾಡಿಕೊಂಡು ಹೋದರೆ ಕೋಚಕ್ಕ ನೆಲದ ಟೇಪು ಕಿತ್ತು ಹೊಸದು ಅಂಟಿಸುತ್ತಿದ್ದರು.

“ಮೂರೇ ದಿನ ಅಂತ ಪೋಸ್ಟಲ್ಲಿ ತಿದ್ದಿದ್ಯೇನಮ್ಮ? ಆರು ದಿನ ಅಂತಾನೇ ಇದೆ ನೋಡು.”

“ಈಗ್ಲೇ ತಿದ್ತೀನಿ ಅಕ್ಕ.”

ಹೊಸಬರು ಒಬ್ಬೊಬ್ಬರಾಗಿ ಟೇಪಿನ ಮೇಲೆ ನಿಲ್ಲತೊಡಗಿದರು. ಬಿಳಿ ಟೈಲ್ಸಿನ ಗೆರೆ ಅವರ ಹಿಂದೆ ನೆಟ್ಟಗಿತ್ತು. ಕೋಚಕ್ಕ ಸ್ಟೂಲಿನ ಹಿಂದೆ ಬಗ್ಗಿ, “ಉಸಿರು ಬಿಡಿ,” ಎಂದರು. ಔಷಧಿ ಅಂಗಡಿಯವರು ಬಿಟ್ಟರು. ಬಾಗಿಲ ಬಳಿ ಮಗಳನ್ನು ಹೊತ್ತು ನಿಂತಿದ್ದ ನಾನೂ ಬಿಟ್ಟೆ. ಅಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದೆನೆಂದು ಆಗಲೇ ತಿಳಿದದ್ದು.