ನೂರೈವತ್ತೋ, ಮೈನಸ್ ನೂರಾ ಆರೋ

ಆ ವರ್ಷ ನಾನು ಸಿಂದಗಿಯಲ್ಲಿ ಮನೆ ಮಾಡಿಕೊಂಡಿದ್ದೆ. ವಾರದಲ್ಲಿ ಮೂರು ದಿನ ಬಸವನ ಬಾಗೇವಾಡಿಯ ಕಾಲೇಜು, ಮೂರು ದಿನ ಇಂಡಿ ಊರಿನ ಕಾಲೇಜು. ಎರಡೂ ಕಡೆ ಅತಿಥಿ ಉಪನ್ಯಾಸಕಿ, ಎರಡೂ ಕಡೆ ಬಿಸಿಎ ಮೊದಲ ವರ್ಷದವರಿಗೆ ಸಿ ಭಾಷೆ. ಬಾಗೇವಾಡಿಗೆ ಹೋಗುವ ದಿನ ದೇವರ ಹಿಪ್ಪರಗಿ ಬರುವವರೆಗೂ ನಿಂತೇ ಹೋಗಬೇಕಿತ್ತು. ಹಿಪ್ಪರಗಿಯಲ್ಲಿ ಸೀಟು ಸಿಕ್ಕರೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಬಸ್ಸು ಕುಲುಕಿದಾಗ ಕೆಂಪು ಪೆನ್ನು ಎಲ್ಲೆಲ್ಲೋ ಗೀಟು ಎಳೆಯುತ್ತಿತ್ತು.

ಕಿರು ಪರೀಕ್ಷೆಗೆ ಎರಡೂ ಕಾಲೇಜಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಿದ್ದೆ. ಹೊಸದು ಬರೆಯುವಷ್ಟು ತ್ರಾಣ ಇರಲಿಲ್ಲ. ಅದರಲ್ಲಿ ಒಂದು ಸಣ್ಣ ಪ್ರೋಗ್ರಾಂ. a ಮತ್ತು b ಎಂಬ ಎರಡು ಎಂಟು ಬಿಟ್ಟಿನ ಸಂಖ್ಯೆಗಳು, ಅಂದರೆ ಎಂಟೇ ಸೊನ್ನೆ-ಒಂದುಗಳಲ್ಲಿ ಬರೆಯುವಂಥವು, ಪ್ಲಸ್ ಮೈನಸ್ ಎರಡನ್ನೂ ಹಿಡಿಯುವಂಥವು. ಒಂದರಲ್ಲಿ 100, ಇನ್ನೊಂದರಲ್ಲಿ 50. ಎರಡನ್ನೂ ಕೂಡಿಸಿ ಅಂಥದ್ದೇ c ಎಂಬ ಮೂರನೆಯದರಲ್ಲಿ ಇಟ್ಟು, ಮೊದಲ ಸಾಲಿನಲ್ಲಿ c ಮುದ್ರಿಸಬೇಕು. ಎರಡನೆಯ ಸಾಲಿನಲ್ಲಿ a + b ಎಂದೇ ಬರೆದು ಮುದ್ರಿಸಬೇಕು. ಏನೇನು ಬರುತ್ತದೆ, ಕೈಲೆಕ್ಕದಲ್ಲಿ ತೋರಿಸಿ ಎಂದು ಕೇಳಿದ್ದೆ. ಸಾಲಿಗೆ ಎರಡು ಅಂಕ.

ನನ್ನ ಉತ್ತರ ಎರಡೂ ಸಾಲಿಗೆ ಮೈನಸ್ 106. ನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಹಾಗೇ ಬರೆಯುತ್ತ ಬಂದಿದ್ದೆ. ನೂರರ 01100100ಕ್ಕೆ ಐವತ್ತರ 00110010 ಕೂಡಿಸಿದರೆ 10010110. ಎಂಟು ಬಿಟ್ಟಿನ ಈ ಸಂಖ್ಯೆಗೆ 127ರ ಮೇಲೆ ಜಾಗವಿಲ್ಲ. ಎಡತುದಿಯ ಒಂದು ಈಗ ಮೈನಸ್ 128 ಆಗುತ್ತದೆ, ಉಳಿದವು ಸೇರಿ 22, ಒಟ್ಟು ಮೈನಸ್ 106. ಮಕ್ಕಳು ಇದನ್ನು ಬಾಯಿಪಾಠ ಮಾಡಿದ್ದರು.

ಬಾಗೇವಾಡಿಯಲ್ಲಿ ಒಬ್ಬರೇ ಒಬ್ಬರು ಮೊದಲ ಸಾಲಿಗೆ ಮೈನಸ್ 106, ಎರಡನೆಯದಕ್ಕೆ 150 ಎಂದು ಬರೆದಿದ್ದರು. ನಾನು ಎರಡನೆಯದರ ಮೇಲೆ ಅಡ್ಡಗೀಟು ಎಳೆದೆ.

ಬರೆದವರು ಇಂಗಳೇಶ್ವರದವರು. ವಯಸ್ಸು ಮೂವತ್ತನಾಲ್ಕು, ನನಗಿಂತ ಎರಡೇ ವರ್ಷ ಚಿಕ್ಕವರು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಪಿಯುಸಿ ಕಟ್ಟಿ ಪಾಸು ಮಾಡಿ ಬಿಸಿಎ ಸೇರಿದ್ದರು. ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂರುತ್ತಿದ್ದರು. ಅವರಿಗೆ ನಾನು ನೀವು ಎನ್ನುತ್ತಿದ್ದೆ, ಉಳಿದವರಿಗೆ ಅದು ತಮಾಷೆ. ಪತ್ರಿಕೆ ಹಂಚಿದ ದಿನ, ಕ್ಲಾಸು ಖಾಲಿಯಾದ ಮೇಲೆ ಅವರು ಮೇಜಿನ ಹತ್ತಿರ ಬಂದರು.

"ಮೇಡಂರಿ, ಈ ನೂರೈವತ್ತು ಯಾಕ ತಪ್ಪಾತ್ರಿ?"

"ಎಂಟು ಬಿಟ್ಟಿನ್ಯಾಗ ನೂರೈವತ್ತು ಹಿಡಿಯೂದಿಲ್ಲ. ಕ್ಲಾಸಿನ್ಯಾಗ ಹೇಳೇನಲ್ಲ."

"ಹೌದ್ರಿ, ಹೇಳೀರಿ. ಆದ್ರ ನಿಮ್ಮ ನೋಟ್ಸ್ ನೋಡಿ ಫೋನಿನ್ಯಾಗ ಬರದು ಓಡಿಸಿದೆ. ಅದು ನೂರೈವತ್ತು ಅಂತೈತ್ರಿ. ಮೊದಲು ನನ್ನ ಫೋನು ಹಳೇದೈತಿ, ತಪ್ಪು ತೋರಸ್ತೈತಿ ಅಂದ್ಕೊಂಡೆ. ಮೂರು ಸಲ ಓಡಿಸಿದೆ, ಅದನ್ನ ಅಂತೈತಿ."

ಫೋನಿನ ಆ್ಯಪುಗಳನ್ನು ನಂಬಬೇಡಿ ಎಂದುಬಿಟ್ಟೆ. ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು, ತಲೆ ಸಿಡಿಯುತ್ತಿತ್ತು. ಅವರು ಜಗಳ ಮಾಡಲಿಲ್ಲ, ಹೋಗಲೂ ಇಲ್ಲ.

"ಲ್ಯಾಬಿನ್ಯಾಗ ಒಮ್ಮಿ ನೋಡೋಣ್ರಿ. ನಾ ತಪ್ಪಿದ್ರ ಸುಮ್ನಾಗ್ತೇನಿ."

ಲ್ಯಾಬಿನ ಕಂಪ್ಯೂಟರು ಎಚ್ಚರವಾಗಲು ಹತ್ತು ನಿಮಿಷ ತೆಗೆದುಕೊಂಡಿತು. ನಾನೇ ಟೈಪು ಮಾಡಿದೆ. ಮೊದಲ ಸಾಲು ಮೈನಸ್ 106. ಎರಡನೆಯ ಸಾಲು 150.

ಇನ್ನೊಮ್ಮೆ ಓಡಿಸಿದೆ. ಬೇರೆ ಕಂಪ್ಯೂಟರಿನಲ್ಲಿ ಓಡಿಸಿದೆ. 150. ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಎರಡನೆಯ ಸಾಲನ್ನು ನಾನು ಓಡಿಸಿ ನೋಡಿರಲಿಲ್ಲ.

ಕಪಾಟಿನಿಂದ ಪುಸ್ತಕ ತೆಗೆದು ಇಬ್ಬರೂ ಓದಿದೆವು. ಕಾರಣ ಅರ್ಧ ಪುಟದಲ್ಲಿತ್ತು. ಸಿ ಭಾಷೆ ಇಂಥ ಚಿಕ್ಕ ಸಂಖ್ಯೆಗಳನ್ನು ಚಿಕ್ಕದಾಗಿಯೇ ಕೂಡಿಸುವುದಿಲ್ಲ. ಕೂಡಿಸುವ ಮೊದಲು ಎರಡನ್ನೂ ಸಾಮಾನ್ಯ ಪೂರ್ಣಾಂಕದ ಅಳತೆಗೆ ಅಗಲ ಮಾಡಿಕೊಳ್ಳುತ್ತದೆ. ಅಲ್ಲಿ 150ಕ್ಕೆ ಬೇಕಾದಷ್ಟು ಜಾಗವಿದೆ. ಆ 150ನ್ನು ಮತ್ತೆ ಎಂಟು ಬಿಟ್ಟಿನ cಯೊಳಗೆ ತುರುಕಿದಾಗ ಮಾತ್ರ ಮೇಲಿನ ಬಿಟ್ಟುಗಳು ಉದುರಿ, ನಮ್ಮ ಕಂಪ್ಯೂಟರುಗಳಲ್ಲಿ ಅದು ಮೈನಸ್ 106 ಆಗುತ್ತದೆ. ಎರಡನೆಯ ಸಾಲಿನಲ್ಲಿ ತುರುಕುವ ಕೆಲಸವೇ ಇಲ್ಲ.

"ಅಂದ್ರ ಕೂಡಸೂಮುಂದ ಕೆಡೂದಿಲ್ರಿ, ಇಡೂಮುಂದ ಕೆಡ್ತೈತಿ," ಎಂದರು ಅವರು.

ನಾನು ಇದನ್ನು ಅಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಆ ಹೊತ್ತಿಗೆ ಬಸ್ಸು ಹೋಗಿತ್ತು.

ಮರುದಿನ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅಂಕಗಳನ್ನು ಆಗಲೇ ವಿಶ್ವವಿದ್ಯಾಲಯಕ್ಕೆ ಕಳಿಸಿಯಾಗಿತ್ತು. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಎರಡು ಮಾರ್ಕ್ಸ್ ಸಲುವಾಗಿ ಪತ್ರ ಬರೀತೀರಿ? ಮುಂದಿನ ಟೆಸ್ಟಿನ್ಯಾಗ ಸರಿ ಮಾಡ್ರಿ, ಬಿಡ್ರಿ." ಬಿಡಲು ನನಗೂ ಮನಸ್ಸಿತ್ತು. ಆದರೂ ಪತ್ರ ಬರೆದೆ. ಅವರು ಸಹಿ ಹಾಕಿದರು.

ಕ್ಲಾಸಿನಲ್ಲಿ ನಿಂತು, ನಾನು ಕಲಿಸಿದ್ದು ತಪ್ಪು ಎಂದೆ. ಗದ್ದಲವಾಯಿತು. ನಾನು ಹೇಳಿಕೊಟ್ಟಂತೆ ಬರೆದವರ ಅಂಕ ಕಡಿಯುವುದಿಲ್ಲ, 150 ಎಂದವರಿಗೂ ಎರಡು ಅಂಕ ಕೊಡುತ್ತೇನೆ ಎಂದಾಗ ಎಲ್ಲರೂ ಸುಮ್ಮನಾದರು. ಹಿಂದಿನ ಬೆಂಚಿನಿಂದ ಅವರು ಎದ್ದು ನಿಂತರು.

"ಹಂಗಾರ ಸರಿಗೂ ಎರಡು, ತಪ್ಪಿಗೂ ಎರಡು ಏನ್ರಿ?"

"ತಪ್ಪು ನಂದು. ಅವರ್ದಲ್ಲ."

"ಹೌದ್ರಿ," ಎಂದು ಕೂತರು. ಒಪ್ಪಿದರೋ, ಸಾಕೆನಿಸಿತೋ ತಿಳಿಯಲಿಲ್ಲ. ನನಗೂ ಅದಕ್ಕಿಂತ ನ್ಯಾಯವಾದ ದಾರಿ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ. ಬೆಲ್ಲು ಹೊಡೆದ ಮೇಲೆ ಅವರನ್ನು ಕರೆದು, ಇಡುವಾಗ ಕೆಡುತ್ತದೆ ಎಂಬ ಮಾತನ್ನು ನೀವೇ ಬೋರ್ಡಿನ ಮೇಲೆ ವಿವರಿಸುತ್ತೀರಾ ಎಂದು ಕೇಳಿದೆ. ಮುಂದಿನ ಕ್ಲಾಸಿನಲ್ಲಿ ವಿವರಿಸಿದರು. ಬೋರ್ಡಿನ ಮೇಲೆ ಬಿಟ್ಟುಗಳು ಸಾಲಾಗಿ ನಿಂತಿದ್ದವು. ಆ ದಿನ ಯಾರೂ ನಗಲಿಲ್ಲ.

ಇಂಡಿ ಕಾಲೇಜಿನ ಪತ್ರಿಕೆಗಳು ಉಳಿದಿದ್ದವು. ಹಂಚುವ ಮೊದಲು ಎಲ್ಲವನ್ನೂ ಮತ್ತೆ ತೆಗೆದು ಆ ಒಂದು ಉತ್ತರವನ್ನೇ ನೋಡುತ್ತ ಹೋದೆ. ಎಲ್ಲದರಲ್ಲೂ ಮೈನಸ್ 106, ಮೈನಸ್ 106. ಸಮಾಧಾನವೇ ಆಗುತ್ತಿತ್ತು. ಕೊನೆಗೆ ಉಳಿದ ಏಳೆಂಟರಲ್ಲಿ ಒಂದು ಪತ್ರಿಕೆಯಲ್ಲಿ ಎರಡನೆಯ ಸಾಲಿಗೆ 150 ಎಂದು ಬರೆದು, ಅಚ್ಚುಕಟ್ಟಾಗಿ ಒಂದೇ ಗೀಟಿನಲ್ಲಿ ಹೊಡೆದು, ಪಕ್ಕದಲ್ಲಿ ಮೈನಸ್ 106 ಎಂದು ಬರೆದಿತ್ತು. ಮೊದಲ ಸಲ ತಿದ್ದುವಾಗ ನಾನು ಅದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೆ.

ಆ ಹುಡುಗಿ ಚಡಚಣದ ಕಡೆಯವಳು, ಕ್ಲಾಸಿನಲ್ಲಿ ಬಾಯಿ ಬಿಡದವಳು. ವರಾಂಡದಲ್ಲಿ ಕರೆದು ಪತ್ರಿಕೆ ತೋರಿಸಿದೆ.

"ಇದನ್ನ ಯಾಕ ಹೊಡದಿ?"

ಅವಳು ಬೈಸಿಕೊಳ್ಳಲು ನಿಂತವಳಂತೆ ತಲೆ ಬಗ್ಗಿಸಿದಳು. "ಲ್ಯಾಬಿನ್ಯಾಗ ಮಾಡಿದಾಗ ಹಂಗ ಬಂದಿತ್ರಿ ಮೇಡಂ. ಆಮ್ಯಾಲ ನೀವು ಹೇಳಿದ್ದು ನೆನಪಾತು. ನಿಮಗ ಗೊತ್ತಿರತೈತಿ ಅಂತ ಹೊಡದೆರಿ."

"ನೀ ಮೊದಲು ಬರದದ್ದ ಸರಿ," ಎಂದೆ.

ಅವಳು ಪತ್ರಿಕೆಯನ್ನೂ ನನ್ನನ್ನೂ ನೋಡಿದಳು. ಖುಷಿಪಡಬೇಕೋ ಬೇಡವೋ ಎಂದು ತಿಳಿಯದವಳಂತೆ ನಿಂತು, "ಮಾರ್ಕ್ಸ್ ಕಡಿಮಿ ಆಗ್ತಾವೇನ್ರಿ?" ಎಂದು ಕೇಳಿದಳು.

ಇಲ್ಲ ಎಂದೆ. ಅವಳು ಪತ್ರಿಕೆ ಮಡಚಿಕೊಂಡು ಹೋದಳು. ನಾನು ಒಳಗೆ ಹೋಗಿ ಬೋರ್ಡು ಒರೆಸಿ, ನೂರು, ಐವತ್ತು ಎಂದು ಬರೆದು ಮೊದಲಿನಿಂದ ಶುರು ಮಾಡಿದೆ.