ಕೊನೆಯ ಇಪ್ಪತ್ತು ನಿಮಿಷ

ಮೈಸೂರಿನ ದಟ್ಟಗಳ್ಳಿಯ ಜವರಪ್ಪನವರು ಮೂವತ್ತೈದು ವರ್ಷ ಸೀರೆ ಮಾರಿದವರು. ಗಿರಾಕಿಯ ಕಣ್ಣಿಗೆ ಮೊದಲು ಸೆರಗು ಬೀಳಬೇಕು, ಬೆಲೆ ಕೊನೆಗೆ ಕಿವಿಗೆ ಬೀಳಬೇಕು. ಇದು ಅವರ ವೇದ. ಅಂಗಡಿ ಮುಚ್ಚಿದರೂ ವೇದ ಮುಚ್ಚಿರಲಿಲ್ಲ. ಬೀದಿಯ ನಿವೃತ್ತರಿಗೆ ಫೋನು ಕಲಿಸಲು ಹೊರಟಾಗ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಒಂದು ಗಂಟೆಯನ್ನು ಮೂರು ಮಡಿಕೆ ಮಾಡಿದರು. ಮೊದಲ ಇಪ್ಪತ್ತು ನಿಮಿಷ ವಿಡಿಯೋ ಕಾಲ್, ನಡುವಿನ ಇಪ್ಪತ್ತು ಹಣ ಕಳಿಸುವುದು, ಕೊನೆಯ ಇಪ್ಪತ್ತು ಮೋಸದ ಎಚ್ಚರಿಕೆ. ಚೆಂದದ್ದು ಮೊದಲು, ಚೇಳು ಆಮೇಲೆ.

ಭಾನುವಾರ ಪಾರ್ಕಿನ ಮಂಟಪಕ್ಕೆ ಐದು ಜನ ಬಂದರು. ಅವರಲ್ಲಿ ಬೀರಮ್ಮ ಒಬ್ಬರು, ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಸ್ ಕಂಡಕ್ಟರ್ ಆಗಿದ್ದ ಕೆಂಪಯ್ಯ ಸುಮ್ಮನಿರುವ ಪೈಕಿಯಲ್ಲ.

“ಏನ್ ಸಿಸ್ಟ್ರೇ, ಸೂಜಿ ಹಿಡ್ದ ಕೈ, ಫೋನ್ ಹಿಡ್ದ್ರೆ ನಡುಗ್ತದಲ್ಲ?”

“ಸೂಜಿ ಚುಚ್ಚುದ್ರೆ ನಿಮಗ್ ನೋವು ಕೆಂಪಯ್ಯನೋರೆ. ಇದು ಚುಚ್ಚುದ್ರೆ ನಂಗೇ.”

ಹಸಿರು ಗುಂಡಿ ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು, ಫೋನನ್ನು ಯಾವುದಾದರೂ ಡಬ್ಬಕ್ಕೆ ಒರಗಿಸಿ ಮುಖದ ಮಟ್ಟಕ್ಕೆ ಇಡಬೇಕು ಎಂದು ಜವರಪ್ಪ ಹೇಳಿಕೊಟ್ಟರು. ಬೀರಮ್ಮ ಕೊಳ್ಳೇಗಾಲದ ಅಕ್ಕನಿಗೆ ಕರೆ ಮಾಡಿದರು. ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ ಅಕ್ಕ ದಿಂಬಿಗೆ ಒರಗಿ ಪರದೆಯಲ್ಲಿ ಮೂಡಿದಳು.

“ಬೀರಾ! ಎಷ್ಟ್ ಬಡವಾಗ್ಬುಟ್ಟೆಯೇ!”

“ಸೊಂಟದ ಆಪರೇಷನ್ ದುಡ್ ಕೂಡಿಟ್ಟಿವ್ನಿ ಕಣಕ್ಕ. ಮುಂದಿನ್ ತಿಂಗ್ಳು ಮೈಸೂರ್ಗೆ ಕರ್ಕೊಂಬತ್ತೀನಿ. ನಡೀತಿಯ ನೀನು.”

ಮಂಟಪದಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಜವರಪ್ಪನವರಿಗೆ ಗಡಿಯಾರ ನೋಡಲು ಮನಸ್ಸಾಗಲಿಲ್ಲ. ಮಾತು ಮುಗಿದಾಗ ನಲವತ್ತು ನಿಮಿಷ ಕಳೆದಿತ್ತು. ಹಣದ ಪಾಠಕ್ಕೆ ಎಲ್ಲರೂ ಅವರಿಗೆ ಒಂದೊಂದು ರೂಪಾಯಿ ಕಳಿಸಿದರು. ಹೆದರಿಕೆ ಹೋಗಲೆಂದು ಅವರು ತಕ್ಷಣ ಎಲ್ಲರಿಗೂ ವಾಪಸ್ ಕಳಿಸಿದರು. “ಬಂತು ಬಂತು!” ಎಂದು ಬೀರಮ್ಮ ಮಗುವಿನ ಹಾಗೆ ನಕ್ಕರು. ಗಂಟೆ ಮುಗಿಯಿತು.

“ಮೋಸದ ಪಾಠ ಮುಂದಿನ ವಾರ,” ಎಂದು ಜವರಪ್ಪ ಕ್ಯಾಲೆಂಡರ್ ಮಡಿಸಿದರು.

ಶನಿವಾರ ಬೆಳಿಗ್ಗೆ ಬೀರಮ್ಮ ಜವರಪ್ಪನವರ ಮನೆಯ ಗೇಟಿನಲ್ಲಿ ನಿಂತಿದ್ದರು. ಎರಡು ದಿನ ನಿದ್ದೆ ಕಂಡಿರದ ಕಣ್ಣು.

“ಜವರಪ್ಪಣ್ಣ, ಒಂದ್ ರೂಪಾಯಿ ಆಗ್ಲೇ ವಾಪಸ್ ಬಂತಲ್ಲ, ದೊಡ್ಡ್ ದುಡ್ಡಾದ್ರೆ ಎಷ್ಟ್ ದಿನ ಹಿಡೀತದೆ?”

“ಯಾವ್ ದುಡ್ಡು ಸಿಸ್ಟ್ರೇ?”

ಬುಧವಾರ ವಿಡಿಯೋ ಕರೆ ಬಂದಿತ್ತಂತೆ. ಪೊಲೀಸ್ ಬಟ್ಟೆ, ಹಿಂದೆ ಗೋಡೆಯ ಮೇಲೆ ಲಾಂಛನ. ನಿಮ್ಮ ಆಧಾರ್ ಹೆಸರಲ್ಲಿ ಮಾದಕ ವಸ್ತುವಿನ ಪಾರ್ಸೆಲ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ. ಖಾತೆಯ ಹಣ ಪರಿಶೀಲನೆಗೆ ಕಳಿಸಿ, ವಾಪಸ್ ಬರುತ್ತದೆ. ಬುಧವಾರ ತೊಂಬತ್ತು ಸಾವಿರ, ಗುರುವಾರ ತೊಂಬತ್ತು ಸಾವಿರ. ಶುಕ್ರವಾರದಿಂದ ಆ ನಂಬರು ಸತ್ತಿತ್ತು.

“ಡಬ್ಬಕ್ಕೆ ಒರಗ್ಸಿ, ಮುಖದ್ ಮಟ್ಟಕ್ಕೇ ಇಟ್ಟಿದ್ದೆ. ಎಲ್ಲಾ ನೀವ್ ಹೇಳ್ಕೊಟ್ಟಂಗೇ ಮಾಡ್ದೆ ಕಣಣ್ಣ. ಒಂದೂ ತಪ್ಪ್ ಮಾಡ್ನಿಲ್ಲ.”

ಜಗಳ ತೆಗೆದಿದ್ದರೆ ಜವರಪ್ಪ ಸಂಭಾಳಿಸುತ್ತಿದ್ದರು; ಗಿರಾಕಿಯ ಬೈಗುಳ ಅವರಿಗೆ ಹೊಸದಲ್ಲ. ಈ ಸರ್ಟಿಫಿಕೇಟನ್ನು ಎಲ್ಲಿಡುವುದು?

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು. ದೂರು ದಾಖಲಾಯಿತು. ಸೈಬರ್ ಠಾಣೆ, ಬ್ಯಾಂಕು, ಮತ್ತೆ ಠಾಣೆ. ಹಣ ಅಷ್ಟರಲ್ಲಿ ಹತ್ತಾರು ಖಾತೆ ದಾಟಿತ್ತು. ತಡೆಹಿಡಿಯಲು ಸಿಕ್ಕಿದ್ದು ನಾಲ್ಕು ಸಾವಿರ. “ಮೊದ್ಲ ಗಂಟೇಲೇ ಹೇಳಿದ್ರೆ…” ಎಂದ ಪೊಲೀಸ್, ನಿಜವಾದವನು, ದೂರಿನ ಪ್ರತಿಯನ್ನು ಮುಂದಕ್ಕೆ ತಳ್ಳಿದ.

ಭಾನುವಾರ ಹೊಸ ಕ್ಯಾಲೆಂಡರ್ ಹಾಳೆ. ಮೋಸದ ಪಾಠ ಮೊದಲು. “ಯಾವ ಪೊಲೀಸೂ ವಿಡಿಯೋದಲ್ಲಿ ಅರೆಸ್ಟ್ ಮಾಡಲ್ಲ. ದುಡ್ಡು ತಗೊಳಕ್ಕೆ ಪಿನ್ ಬೇಡ, ಕೊಡಕ್ಕೆ ಮಾತ್ರ. ಯಾರಿಗೂ ಹೇಳ್ಬೇಡ ಅಂದ್ರೆ, ಮೊದ್ಲು ಫೋನ್ ಇಟ್ಟು ಯಾರಿಗಾದ್ರೂ ಹೇಳಿ.” ಕೆಂಪಯ್ಯ ಸಹ ತಮಾಷೆ ಮಾಡಲಿಲ್ಲ. ನಾಲ್ಕೇ ಜನ ಇದ್ದರು.

ಸಂಜೆ ಜವರಪ್ಪ ಬೀರಮ್ಮನ ಮನೆಗೆ ಹೋದರು. ರಾಗಿ ಡಬ್ಬದೊಳಗೆ ಫೋನ್ ಬಡಿದುಕೊಳ್ಳುತ್ತಿತ್ತು.

“ಅಕ್ಕ. ದಿನಾ ಐದಕ್ಕೆ ಮಾಡ್ತಾಳೆ. ಬುಧ್ವಾರದಿಂದ ನಾನ್ ಎತ್ತಿಲ್ಲ.”

“ಎತ್ತಿ ಸಿಸ್ಟ್ರೇ.”

“ಯಾವ್ ಮುಖ ಇಟ್ಕೊಂಡು? ಮುಂದಿನ್ ತಿಂಗ್ಳು ಯಾವ್ ತಾರೀಖು ಅಂತ ಕೇಳ್ತಾಳೆ.” ಮತ್ತೆ ಮೆಲ್ಲಗೆ, “ನೀವೇ ಎತ್ತಿ. ಊರಲ್ಲಿಲ್ಲ ಅನ್ನಿ.”

ಜವರಪ್ಪ ಹಸಿರು ಒತ್ತಿದರು. ಬೀರಮ್ಮ ಫೋನಿನ ಬೆನ್ನ ಹಿಂದೆ, ಅಕ್ಕನಿಗೆ ಕಾಣದ ಕಡೆ ನಿಂತರು.

“ನೀವ್ಯಾರಪ್ಪ? ನಮ್ ಬೀರ ಎಲ್ಲಿ?”

“ಊರಲ್ಲಿಲ್ಲ ಕಣಮ್ಮ.” ಬಣ್ಣ ಹೋಗಲ್ಲ ಎಂದು ಆಣೆ ಇಟ್ಟು ಎಷ್ಟೋ ಸೀರೆ ಮಾರಿದ ನಾಲಿಗೆ, ಇಷ್ಟು ಸಣ್ಣ ಸುಳ್ಳಿಗೆ ಒಣಗಿತು.

“ಫೋನ್ ಬಿಟ್ಟು ಹೋಗವ್ಳಾ?” ಅಕ್ಕ ಫೋನನ್ನು ದಿಂಬಿನ ಮೇಲೆ ಇಟ್ಟುಬಿಟ್ಟಳು. ಪರದೆಯ ತುಂಬ ಹೆಂಚಿನ ಸೂರು. ಕೆಂಪು ಗುಂಡಿ ಒತ್ತಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

“ಮುರಿದ ಸೊಂಟ ಯಾರಿಗ್ ಬೇಕು,” ಎಂದು ಸೂರಿನ ಕಡೆಯಿಂದ ದನಿ ಬಂತು, “ಆಸೆ ತೋರ್ಸಿ ಕೈಬುಟ್ಳು.”

ಬೀರಮ್ಮ ಬಾಯಿಗೆ ಸೆರಗು ತುರುಕಿಕೊಂಡರು. ಜವರಪ್ಪನವರ ಬೆರಳು ಕೆಂಪು ಗುಂಡಿಯ ಮೇಲೆಯೇ ಇತ್ತು, ಒತ್ತಲಾಗಲಿಲ್ಲ.